ಹಳೆಯ ಆಟಿ ಲೇಖನವನ್ನು ಮತ್ತೆ ಪ್ರಕಟಿಸುವ ಮುನ್ನ: ಯಾವ ಮಾತನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು

ಆಟಿ ತಿಂಗಳು ಹತ್ತಿರವಾಗುತ್ತಿದ್ದಂತೆ ಮಂಗಳೂರು ಮತ್ತು ಉಡುಪಿಯ ಕಡೆ ಎಂದೋ ಬರೆದ ಲೇಖನಗಳು ಮತ್ತೆ ಓಡಾಡತೊಡಗುತ್ತವೆ. ಪಾಲೆ ಕಷಾಯ, ಮೆತ್ತೆದ ಗಂಜಿ, ಪತ್ರೊಡೆ, ಆಟಿ ಕಳೆಂಜ ಇವುಗಳ ಕುರಿತ ಬರಹಗಳನ್ನು ಸಂಘದ ಸ್ಮರಣ ಸಂಚಿಕೆಯವರು, ಶಾಲೆಯ ವಾರ್ಷಿಕ ಸಂಚಿಕೆಯವರು, ಸಣ್ಣ ಪತ್ರಿಕೆಯವರು ಹೊರತೆಗೆದು ಹಾಗೆಯೇ ಅಚ್ಚು ಹಾಕುತ್ತಾರೆ. ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಕಳುಹಿಸುವವರೂ ಇದ್ದಾರೆ. ಹೀಗೆ ಬಂದ ಲೇಖನದಲ್ಲಿ "ನಾಳೆ ಆಟಿ ಅಮಾವಾಸ್ಯೆ" ಎಂದಿದ್ದರೆ ಓದಿದವರು ಆ "ನಾಳೆ"ಯನ್ನು ನಂಬಿಬಿಡುತ್ತಾರೆ. ಅಮಾವಾಸ್ಯೆ ಮೂರು ವಾರ ದೂರವಿದ್ದರೂ ಕಷಾಯಕ್ಕೆ ಸಿದ್ಧತೆ ನಡೆಯುತ್ತದೆ.

ಹಳೆಯ ಲೇಖನವನ್ನು ಹೊಸ ಓದುಗರಿಗೆ ಒಪ್ಪುವಂತೆ ಪರಿಷ್ಕರಿಸುವುದು ಹೇಗೆ ಎಂಬುದನ್ನು ಇಲ್ಲಿ ಒಂದೇ ಉದಾಹರಣೆ ಹಿಡಿದು ವಿವರಿಸಲಾಗಿದೆ. ಉದಾಹರಣೆಗೆ ಪಾಲೆ ಕಷಾಯದ ಲೇಖನವನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ. ಪ್ರತಿವರ್ಷವೂ ಬೇಕಾಗುವ ಬರಹ ಅದು. ಅಲ್ಲದೆ, ಅದರಲ್ಲಿ ತಪ್ಪು ಮಾಹಿತಿ ಉಳಿದರೆ ಓದಿದವರ ಜೀವಕ್ಕೇ ಅಪಾಯವಾಗಬಹುದು.

ಸದಾ ಓದಿಸಿಕೊಳ್ಳುವ ಬರಹ ಎಂದರೆ ಯಾವುದು

ಕೆಲವು ಬರಹಗಳ ವಿಷಯ ಹಳತಾಗುವುದಿಲ್ಲ. ಆಟಿ ಅಮಾವಾಸ್ಯೆಯ ಮುಂಜಾನೆ ಪಾಲೆ ಮರದ ಕೆತ್ತೆ ತಂದು ಕಷಾಯ ಮಾಡುವ ಪದ್ಧತಿ ನಿನ್ನೆ ಮೊನ್ನೆಯದಲ್ಲ, ಸದ್ಯಕ್ಕೆ ನಿಲ್ಲುವಂಥದ್ದೂ ಅಲ್ಲ. ಆದರೆ ಅದನ್ನು ಬರೆದವರು ಒಂದು ನಿರ್ದಿಷ್ಟ ದಿನ ಕುಳಿತು ಬರೆದಿರುತ್ತಾರೆ, ಆ ದಿನದ ಗುರುತುಗಳು ಬರಹದ ಅಲ್ಲಲ್ಲಿ ಅಂಟಿಕೊಂಡಿರುತ್ತವೆ. ವಾರದ ಹೆಸರು, ಬೆಲೆ, ದಾರಿಯ ಗುರುತು, ಯಾರದೋ ವಯಸ್ಸು, ಆಗಿನ ಹುದ್ದೆ ಇವೆಲ್ಲ ಅಂಥವು. ವಿಷಯ ಉಳಿದು ಗುರುತುಗಳು ಮಾತ್ರ ಸವೆದಿರುವ ಲೇಖನವನ್ನು ಪರಿಷ್ಕರಿಸಬಹುದು.

ಮಳೆಗಾಲಕ್ಕೆ ಮೊದಲು ಹೆಂಚಿನ ಮನೆಯ ಮಾಡನ್ನು ಸರಿಪಡಿಸುವವರು ಒಡೆದ ಹೆಂಚನ್ನಷ್ಟೇ ಎತ್ತಿ ಆ ಜಾಗಕ್ಕೆ ಬೇರೆ ಹೆಂಚು ಹೊದೆಸುತ್ತಾರೆ, ಪಕ್ಕಾಸು ರೀಪುಗಳನ್ನು ಅಲುಗಿಸುವುದಿಲ್ಲ. ಪರಿಷ್ಕರಣೆಯೂ ಅಷ್ಟೇ ಮಿತಿಯ ಕೆಲಸ. ಎಲ್ಲಿ ಸೋರುತ್ತದೆ ಎಂದು ಪತ್ತೆಹಚ್ಚುವುದಕ್ಕೆ ಹೆಚ್ಚು ಸಮಯ ಬೇಕು, ಬದಲಿಸುವುದಕ್ಕೆ ಕಡಿಮೆ ಸಾಕು.

ಒಂದು ಮಾದರಿ

2011ರ ಜುಲೈ 29ರಂದು ಬರೆದ ಲೇಖನವೊಂದರಲ್ಲಿ ಇಂಥದೊಂದು ಭಾಗ ಇತ್ತು ಎಂದಿಟ್ಟುಕೊಳ್ಳೋಣ. ಇದು ವಿವರಣೆಗಾಗಿ ಕಟ್ಟಿದ ಮಾದರಿ.

"ನಾಳೆ ಶನಿವಾರ ಆಟಿ ಅಮಾವಾಸ್ಯೆ. ಇವತ್ತಿನ ಮಳೆ ಬಿಡುವ ಲಕ್ಷಣ ಕಾಣುವುದಿಲ್ಲ. ಎಪ್ಪತ್ತೆಂಟು ತುಂಬಿದ ನಮ್ಮ ದೊಡ್ಡಪ್ಪ ಈಗಲೂ ಕೋಳಿ ಕೂಗುವ ಮೊದಲೇ ಎದ್ದು, ಕೈಯಲ್ಲೊಂದು ಚೂಪು ಕಲ್ಲು ಹಿಡಿದು, ಗುಡ್ಡದ ಪಾಲೆ ಮರದ ಬಳಿಗೆ ಹೋಗುತ್ತಾರೆ. ಮರಕ್ಕೆ ಕತ್ತಿ ತಾಗಿಸಬಾರದೆಂಬುದು ಅವರ ಕಟ್ಟುನಿಟ್ಟು. ನಾಲ್ಕು ವರ್ಷಗಳ ಹಿಂದೆ ಸಿಂಡಿಕೇಟ್ ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಮಾವ ಮಾತ್ರ ಪ್ರತಿಸಲವೂ ಮೂಗು ಮುಚ್ಚಿಯೇ ಕುಡಿಯುವುದು. ಮರ ಸಿಗದವರು ಹೆದ್ದಾರಿ 17ರ ಬದಿಯಲ್ಲಿ, ಸಿಂಡಿಕೇಟ್ ಬ್ಯಾಂಕಿನ ಎದುರು ಕುಳಿತು ಮಾರುವವರಿಂದ ಹತ್ತು ರೂಪಾಯಿಗೆ ಕೆತ್ತೆ ತರಬಹುದು. ಈ ಕಷಾಯ ಕುಡಿದವರಿಗೆ ವರ್ಷವಿಡೀ ಕಾಯಿಲೆ ಬಾರದು."

ಇಷ್ಟು ಚಿಕ್ಕ ಭಾಗದಲ್ಲೇ ಸವೆದ ಗುರುತುಗಳು ಬಹಳಷ್ಟಿವೆ. ಆದರೆ ಎಲ್ಲವೂ ಒಂದೇ ಬಗೆಯವಲ್ಲ, ಎಲ್ಲಕ್ಕೂ ಒಂದೇ ಮದ್ದೂ ಅಲ್ಲ.

ಪ್ರತಿ ವಾಕ್ಯವೂ ಯಾವ ಕಾಲಕ್ಕೆ ಸೇರಿದ್ದು

ಪರಿಷ್ಕರಿಸುವವರು ಪ್ರತಿ ವಾಕ್ಯದ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಇದೊಂದೇ. ಬರೆದ ದಿನಕ್ಕೆ ಸೇರಿದ ವಾಕ್ಯಗಳು ಕೆಲವು. "ನಾಳೆ ಶನಿವಾರ" ಎಂಬುದು ಅಂಥದ್ದು, ಅದು ಹೋಗಲೇಬೇಕು. ಪ್ರತಿವರ್ಷವೂ ಮರಳಿ ಬರುವ ಕಾಲಕ್ಕೆ ಸೇರಿದವು ಕೆಲವು. ಮರಕ್ಕೆ ಲೋಹ ತಾಗಿಸದೆ ಕಲ್ಲಿನಿಂದಲೇ ಕೆತ್ತೆ ತೆಗೆಯುವುದು ಅಂಥದ್ದು, ಅದು ಇದ್ದಂತೆಯೇ ಇರಲಿ. ಓದುಗರು ಓದಿ ಅದರಂತೆ ನಡೆಯುವ ವಾಕ್ಯಗಳು ಇನ್ನು ಕೆಲವು. ಕೆತ್ತೆ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ, ಕುಡಿದರೆ ಏನಾಗುತ್ತದೆ ಎಂಬವು ಈ ಗುಂಪಿನವು, ಇವುಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಕೊನೆಯದಾಗಿ ನೆನಪಿನ ಕಾಲಕ್ಕೆ ಸೇರಿದ ವಾಕ್ಯಗಳು. ದೊಡ್ಡಪ್ಪ, ಮಾವ, ಮೂಗು ಮುಚ್ಚಿ ಕುಡಿಯುವುದು ಇವೆಲ್ಲ ಅಲ್ಲಿವೆ, ಲೇಖನದ ಸೊಗಸೂ ಅಲ್ಲೇ ಇದೆ.

ಸಿಂಡಿಕೇಟ್ ಬ್ಯಾಂಕಿನ ಹೆಸರು ಮಾದರಿಯಲ್ಲಿ ಎರಡು ಸಲ ಬಂದಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಈ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಬದಲಾಯಿತೆಂದು ತಿಳಿದ ಕೂಡಲೇ ಎರಡೂ ಕಡೆ "ಕೆನರಾ ಬ್ಯಾಂಕ್" ಎಂದು ತಿದ್ದಿಬಿಡುವುದು ಸುಲಭ, ಆದರೆ ಹಾಗೆ ಮಾಡಿದರೆ ಒಂದು ಕಡೆ ತಪ್ಪು ಹುಟ್ಟುತ್ತದೆ. ಮಾವ ದುಡಿದದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ, ಅವರು ನಿವೃತ್ತರಾದಾಗ ಅದರ ಹೆಸರು ಅದೇ ಆಗಿತ್ತು. ಅದು ನೆನಪಿನ ಕಾಲಕ್ಕೆ ಸೇರಿದ ಹೆಸರು, ಹಾಗೆಯೇ ಉಳಿಯಬೇಕು. ದಾರಿ ತೋರಿಸಲು ಬಂದಿರುವ ಎರಡನೆಯ ಹೆಸರು ಮಾತ್ರ ಓದುಗರ ಬಳಕೆಗೆ ಸೇರಿದ್ದು. ಅದನ್ನು ತಿದ್ದಬೇಕು, ಇಲ್ಲವೇ ತೆಗೆಯಬೇಕು. ಕರಾವಳಿಯ ಹಳೆಯ ಬರಹಗಳಲ್ಲಿ ಈ ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಮರುವರ್ಷ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಎಷ್ಟೋ ಊರುಗಳಲ್ಲಿ ಜನರು ದಾರಿ ಹೇಳುತ್ತಿದ್ದುದೇ ಈ ಶಾಖೆಗಳನ್ನು ಹಿಡಿದು.

ಹೆದ್ದಾರಿಯದೂ ಇದೇ ಕತೆ. ಕರಾವಳಿಯ ಹೆದ್ದಾರಿ 17 ಈಗ 66. ಊರಿನ ಆಡಳಿತದ ಗುರುತುಗಳೂ ಬದಲಾಗಿವೆ. 1997ರ ಆಗಸ್ಟಿನಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾದಾಗ ಅದರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳಿದ್ದವು. ಆಮೇಲೆ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿಕೊಂಡವು. "ಉಡುಪಿ ತಾಲೂಕಿನ ಬ್ರಹ್ಮಾವರ" ಎಂದು ಹಳೆಯ ಲೇಖನದಲ್ಲಿದ್ದರೆ "ಉಡುಪಿ ತಾಲೂಕಿನ" ಎಂಬ ಮಾತನ್ನು ಬಿಟ್ಟು "ಬ್ರಹ್ಮಾವರ" ಎಂದಷ್ಟೇ ಉಳಿಸುವುದು ಒಳ್ಳೆಯದು. ಹೊಸ ವಿವರ ಸೇರಿಸಿದರೆ ಅದೂ ಒಂದು ದಿನ ಹಳತಾಗುತ್ತದೆ, ಅನಗತ್ಯವಾದದ್ದನ್ನು ತೆಗೆದರೆ ಆ ಭಯವಿಲ್ಲ.

ಕಾಲದ ಮಾತುಗಳು ಎಲ್ಲೆಲ್ಲಿ ಅಡಗಿರುತ್ತವೆ

ನಾಳೆ, ನಿನ್ನೆ, ಮೊನ್ನೆ, ಈ ಬಾರಿ, ಕಳೆದ ವರ್ಷ, ಇತ್ತೀಚೆಗೆ, ಪ್ರಸ್ತುತ ಇಂಥ ಪದಗಳನ್ನು ಗಣಕದಲ್ಲಿ ಹುಡುಕಿಸಿ ತೆಗೆಯಬಹುದು. ಆದರೆ ಕನ್ನಡದಲ್ಲಿ ಪದಗಳು ಒಂದಕ್ಕೊಂದು ಕೂಡಿಕೊಳ್ಳುವುದರಿಂದ ಹುಡುಕಾಟ ತಪ್ಪುತ್ತದೆ. "ಈಗ" ಎಂದು ಹುಡುಕಿದರೆ "ಈಗಲೂ", "ಈಗಾಗಲೇ" ಸಿಗುತ್ತವೆ, "ಇದೀಗ" ಸಿಗುವುದಿಲ್ಲ. ಏಕೆಂದರೆ ಅಲ್ಲಿ "ಈ" ಎಂಬ ಸ್ವರ ದಕಾರದ ಗುಣಿತವಾಗಿ ಕೂತಿದೆ, ಗಣಕಕ್ಕೆ ಅದು ಬೇರೆಯೇ ಅಕ್ಷರ. ಆ ಗುಣಿತದ ಚಿಹ್ನೆಯನ್ನೇ ಹಿಡಿದು "ೀಗ" ಎಂದು ಹುಡುಕಿದರೆ "ಇದೀಗ" ಸಿಗುತ್ತದೆ, ಅದರ ಜೊತೆಗೆ "ಹೀಗೆ", "ಬೀಗ" ಮುಂತಾದ ಸಂಬಂಧವಿಲ್ಲದ ಪದಗಳೂ ಬರುತ್ತವೆ. ಅವನ್ನು ಕಣ್ಣಿನಿಂದಲೇ ಬೇರ್ಪಡಿಸಬೇಕು.

ಅದಕ್ಕೂ ಮೊದಲು ಕಡತ ಯಾವ ಬಗೆಯದೆಂದು ನೋಡಿಕೊಳ್ಳಬೇಕು. ಆ ಕಾಲದ ಬಹಳಷ್ಟು ಬರಹಗಳು ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದವು. ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಯೂನಿಕೋಡ್ ಅಲ್ಲ, ಹಾಗಾಗಿ ಯಾವ ಪದ ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿಯೇ ಮುಂದುವರಿಯಬೇಕು, ಪರಿವರ್ತನೆಯ ನಂತರ ಅರ್ಕಾವತ್ತು ಇರುವ ಪದಗಳನ್ನು, ಒತ್ತಕ್ಷರಗಳನ್ನು ಮೂಲದ ಜೊತೆ ಹೋಲಿಸಿ ನೋಡಬೇಕು.

ಹುಡುಕಾಟಕ್ಕೆ ಸಿಗದೇ ಉಳಿಯುವ ಗುರುತುಗಳೇ ಹೆಚ್ಚು ಕಾಡುವುದು. "ಎಪ್ಪತ್ತೆಂಟು ತುಂಬಿದ ದೊಡ್ಡಪ್ಪ" ಎಂಬಲ್ಲಿ ಕಾಲವನ್ನು ಹೇಳುವ ಪದವೇ ಇಲ್ಲ, ಆದರೂ ಆ ವಯಸ್ಸು 2011ರದ್ದು. "ಹೋಗುತ್ತಾರೆ" ಎಂಬ ಕ್ರಿಯಾಪದ ಅವರು ಇಂದಿಗೂ ಹೋಗುತ್ತಾರೆ ಎನ್ನುತ್ತದೆ. "ನಾಲ್ಕು ವರ್ಷಗಳ ಹಿಂದೆ" ಎಂಬುದು ಯಾವ ವರ್ಷದಿಂದ ಎಣಿಸಿದ್ದು ಎಂದು ಓದುಗರಿಗೆ ತಿಳಿಯುವುದಿಲ್ಲ. ಇವುಗಳಿಗಾಗಿ ಲೇಖನವನ್ನು ಒಮ್ಮೆ ಕ್ರಿಯಾಪದಗಳ ಮೇಲೆ, ಇನ್ನೊಮ್ಮೆ ಸಂಖ್ಯೆಗಳ ಮೇಲೆ ಕಣ್ಣಿಟ್ಟು ಓದುವುದು ವಾಡಿಕೆ. ದೊಡ್ಡಪ್ಪ ಈಗ ಹೇಗಿದ್ದಾರೆಂದು ಲೇಖಕರನ್ನೋ ಅವರ ಮನೆಯವರನ್ನೋ ಕೇಳದೆ ಕ್ರಿಯಾಪದವನ್ನು ಬದಲಿಸಬಾರದು. ತೀರಿಹೋದವರನ್ನು ಬದುಕಿದ್ದಾರೆಂಬಂತೆ ಬರೆಯುವುದು ಮನೆಯವರಿಗೆ ಎಷ್ಟು ನೋವೋ, ಬದುಕಿರುವವರನ್ನು ಭೂತಕಾಲಕ್ಕೆ ತಳ್ಳುವುದೂ ಅಷ್ಟೇ ನೋವು.

ದಿನಾಂಕವನ್ನು ಏನು ಮಾಡಬೇಕು

ಆಟಿ ಎಂಬುದು ಸೌರಮಾಸ, ಸರಿಸುಮಾರು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಅಮಾವಾಸ್ಯೆಯಾದರೋ ಚಂದ್ರನ ಲೆಕ್ಕ. ಈ ಎರಡು ಲೆಕ್ಕಗಳು ಕೂಡುವುದರಿಂದ ದಿನಾಂಕ ಪ್ರತಿವರ್ಷ ಸರಿಯುತ್ತದೆ. 2024ರಲ್ಲಿ ಆಟಿ ಅಮಾವಾಸ್ಯೆ ಆಗಸ್ಟ್ 4ರಂದು ಬಂದಿತ್ತು, 2025ರಲ್ಲಿ ಜುಲೈ 24ರಂದು. ಹನ್ನೆರಡು ಚಾಂದ್ರಮಾಸಗಳ ವರ್ಷ ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಹೀಗೆ ಹಿಂದೆ ಬರುತ್ತದೆ. 2026ರಲ್ಲಿ ಜ್ಯೇಷ್ಠ ಅಧಿಕಮಾಸವಾಗಿ ಬರುವುದರಿಂದ ಅದು ಆಗಸ್ಟ್ 12ಕ್ಕೆ ಹಾರುತ್ತದೆ.

ಹೀಗಿರುವಾಗ ಲೇಖನದ ಒಡಲಲ್ಲಿ ಹಳೆಯ ದಿನಾಂಕ ತೆಗೆದು ಹೊಸ ದಿನಾಂಕ ಬರೆದರೆ ಮರುವರ್ಷ ಮತ್ತೆ ಅದೇ ತೊಂದರೆ. ಒಡಲಲ್ಲಿ ನಿಯಮವನ್ನಷ್ಟೇ ಇಡಬೇಕು. ಅಂದರೆ, ಆಟಿ ತಿಂಗಳಲ್ಲಿ ಬರುವ ಆಷಾಢ ಬಹುಳ ಅಮಾವಾಸ್ಯೆ ಎಂದು. ಆ ವರ್ಷದ ದಿನಾಂಕವನ್ನು ಲೇಖನದ ಮೇಲ್ಗಡೆ ಪ್ರತ್ಯೇಕ ಸಾಲಿನಲ್ಲಿ, ವರ್ಷದ ಅಂಕಿಯ ಸಮೇತ ಕೊಡಬೇಕು. ಮುಂದೆ ಯಾರಾದರೂ ಆ ಸಾಲನ್ನು ಬದಲಿಸಲು ಮರೆತರೂ ಓದುಗರಿಗೆ ಅದು ಹಳೆಯ ವರ್ಷದ್ದೆಂದು ಗೊತ್ತಾಗುತ್ತದೆ. "ನಾಳೆ" ಎಂಬ ಪದಕ್ಕೆ ಆ ಗುಣವಿಲ್ಲ.

ಜೀವಕ್ಕೆ ಸಂಬಂಧಿಸಿದ ವಿವರ

ಪಾಲೆ ಎಂದರೆ ಹಾಲೆ ಮರ, ಸಂಸ್ಕೃತದ ಸಪ್ತಪರ್ಣ. ಇದರ ಕೆತ್ತೆಯೆಂದು ಭ್ರಮಿಸಿ ಬೇರೆ ಮರದ ಕೆತ್ತೆ ತಂದರೆ ಆಗುವ ಅನಾಹುತ ಸಣ್ಣದಲ್ಲ. ನಮ್ಮ ಗುಡ್ಡಗಳಲ್ಲೇ ಬೆಳೆಯುವ ಕಾಸರಕದ ಬೀಜ ಮತ್ತು ಕೆತ್ತೆಯಲ್ಲಿ ಸ್ಟ್ರಿಕ್ನಿನ್ ಮತ್ತು ಅದರ ಬಳಗದ ವಿಷಗಳಿರುತ್ತವೆ. ಸ್ಟ್ರಿಕ್ನಿನ್ ಮೈಯ ಸ್ನಾಯುಗಳನ್ನು ಸೆಟೆಸಿ ಉಸಿರಾಟವನ್ನು ನಿಲ್ಲಿಸಬಲ್ಲದು. ಕಷಾಯ ಹೇಗೂ ಕಹಿಯೇ ಆದ್ದರಿಂದ ನಾಲಿಗೆ ಎಚ್ಚರಿಸುವುದಿಲ್ಲ.

ಹಳೆಯ ಲೇಖನ ಬರೆದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಕಂಡಿರಲಾರದು. ಅವರ ಓದುಗರ ಮನೆಗಳಲ್ಲಿ ಮರ ಬಲ್ಲ ಹಿರಿಯರಿದ್ದರು. ಇಂದು ಅದೇ ಲೇಖನವನ್ನು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಬೆಳೆದು ರಜೆಗೆ ಊರಿಗೆ ಬಂದವರೂ ಓದುತ್ತಾರೆ. ಓದುಗರು ಬದಲಾದಾಗ ಹಿಂದೆ ಹೇಳದೆ ಬಿಟ್ಟದ್ದನ್ನು ಸೇರಿಸಲೇಬೇಕಾಗುತ್ತದೆ, ಮತ್ತು ಇಂಥ ಸೇರ್ಪಡೆಯಲ್ಲಿ ಶೈಲಿಗಿಂತ ಸ್ಪಷ್ಟತೆ ಮುಖ್ಯ.

ಏನನ್ನು ಸೇರಿಸಬೇಕು? ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಸಾಮಾನ್ಯವಾಗಿ ನಾಲ್ಕರಿಂದ ಏಳರವರೆಗೆ ಚಕ್ರದಂತೆ ಜೋಡಿಸಿಕೊಂಡಿರುತ್ತವೆ, ತೊಗಟೆಗೆ ಗಾಯವಾದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ ಇರುತ್ತವೆ, ಎಲೆಯ ಬುಡದಿಂದ ಮೂರರಿಂದ ಐದು ನರಗಳು ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಹಾಗೆಂದು ಹಾಲೊಂದನ್ನೇ ನೆಚ್ಚುವಂತಿಲ್ಲ, ಹಾಲು ಸುರಿಸುವ ವಿಷದ ಮರಗಳೂ ಇವೆ. ಇನ್ನು ಕೆತ್ತೆ ತರುವುದು ಬೆಳಕು ಹರಿಯುವ ಮೊದಲು, ಆ ಕತ್ತಲಲ್ಲಿ ಮೇಲಿನ ಎಲೆ ಕಾಣುವುದಿಲ್ಲ. ಆದ್ದರಿಂದ ಮರ ಬಲ್ಲವರು ಹಿಂದಿನ ದಿನದ ಬೆಳಕಿನಲ್ಲೇ ಮರವನ್ನು ನೋಡಿ ಗುರುತು ಮಾಡಿ ಬರಬೇಕು ಎಂಬ ಸೂಚನೆ ಲೇಖನದಲ್ಲಿ ಬೇಕು. ಮರದಿಂದ ಬೇರ್ಪಟ್ಟ ಕೆತ್ತೆಯ ತುಂಡನ್ನು ನೋಡಿ ನಿಶ್ಚಯಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲದ ಕಾರಣ, ಗುರುತಿಲ್ಲದವರಿಂದ ಕೊಂಡು ತರುವ ಸಲಹೆಯನ್ನು ಕೈಬಿಡಬೇಕು. ಹೀಗಾಗಿ ಮಾದರಿಯಲ್ಲಿದ್ದ ಹೆದ್ದಾರಿ, ಬ್ಯಾಂಕು, ಹತ್ತು ರೂಪಾಯಿ ಮೂರೂ ತಾವಾಗಿಯೇ ಹೋಗುತ್ತವೆ.

ಈ ಸೂಚನೆಯನ್ನು ಲೇಖನದ ಕೊನೆಯಲ್ಲಿ ಹಾಕಿದರೆ ಬಹಳ ಮಂದಿ ಅಲ್ಲಿಯವರೆಗೆ ಓದುವುದಿಲ್ಲ. ಕೆತ್ತೆ ತರುವ ಸಂಗತಿ ಎಲ್ಲಿ ಬರುತ್ತದೆಯೋ ಅಲ್ಲೇ ಅದು ಇರಬೇಕು. "ವರ್ಷವಿಡೀ ಕಾಯಿಲೆ ಬಾರದು" ಎಂಬ ಮಾತನ್ನು ಮಾತ್ರ ಅಳಿಸಬೇಕಾಗಿಲ್ಲ. ಯಾರ ನಂಬಿಕೆ ಎಂದು ಹೇಳಿದರೆ ಸಾಕು, ಅದು ವೈದ್ಯಕೀಯ ಭರವಸೆಯಾಗಿ ಉಳಿಯುವುದಿಲ್ಲ.

ತಿದ್ದಿದ ನಂತರ

ಮನೆಯವರನ್ನು ಕೇಳಿದಾಗ ದೊಡ್ಡಪ್ಪ ತೀರಿಹೋಗಿದ್ದಾರೆಂದು ತಿಳಿಯಿತು ಎಂದಿಟ್ಟುಕೊಂಡರೆ, ಮಾದರಿಯ ಭಾಗ ಹೀಗಾಗುತ್ತದೆ.

"ಆಟಿ ಅಮಾವಾಸ್ಯೆಯ ಹಿಂದಿನ ರಾತ್ರಿ ಮಳೆ ಬಿಡುವ ಲಕ್ಷಣ ಕಾಣುವುದಿಲ್ಲ. ಎಪ್ಪತ್ತೆಂಟರ ವಯಸ್ಸಿನಲ್ಲೂ ನಮ್ಮ ದೊಡ್ಡಪ್ಪ ಕೋಳಿ ಕೂಗುವ ಮೊದಲೇ ಎದ್ದು, ಕೈಯಲ್ಲೊಂದು ಚೂಪು ಕಲ್ಲು ಹಿಡಿದು, ಗುಡ್ಡದ ಪಾಲೆ ಮರದ ಬಳಿಗೆ ಹೋಗುತ್ತಿದ್ದರು. ಯಾವ ಮರವೆಂದು ಹಿಂದಿನ ಹಗಲೇ ನೋಡಿ ಗುರುತು ಮಾಡಿರಬೇಕು, ಕತ್ತಲಲ್ಲಿ ಕಾಸರಕಕ್ಕೆ ಕೈ ಹಾಕಿದರೆ ಜೀವಕ್ಕೇ ಕುತ್ತು. ಮರಕ್ಕೆ ಕತ್ತಿ ತಾಗಿಸಬಾರದೆಂಬುದು ದೊಡ್ಡಪ್ಪನ ಕಟ್ಟುನಿಟ್ಟು. ಸಿಂಡಿಕೇಟ್ ಬ್ಯಾಂಕಿನಲ್ಲಿದ್ದ ನಮ್ಮ ಮಾವ ಮಾತ್ರ ಪ್ರತಿಸಲವೂ ಮೂಗು ಮುಚ್ಚಿಯೇ ಕುಡಿಯುವುದು. ಈ ಕಷಾಯ ಕುಡಿದವರಿಗೆ ವರ್ಷವಿಡೀ ಕಾಯಿಲೆ ಬಾರದೆಂಬುದು ಊರಿನವರ ನಂಬಿಕೆ."

ಮರ ಗುರುತಿಸುವ ಎಚ್ಚರಿಕೆಯನ್ನು ದೊಡ್ಡಪ್ಪನ ಬಾಯಲ್ಲಿ ಹೇಳಿಸಿಲ್ಲ ಎಂಬುದನ್ನು ಗಮನಿಸಬೇಕು. ಅವರು ಹಾಗೆ ಹೇಳಿದ್ದು ಮೂಲದಲ್ಲಿಲ್ಲ. ಸೊಗಸಿಗಾಗಿ ಇಲ್ಲದ ಮಾತನ್ನು ಅವರದೆಂದು ಸೇರಿಸಿದರೆ ನೆನಪು ಕಟ್ಟುಕತೆಯಾಗುತ್ತದೆ. ಎಲೆಗಳ ವ್ಯತ್ಯಾಸವನ್ನು ಇದರ ಕೆಳಗೇ ಬೇರೊಂದು ಪರಿಚ್ಛೇದದಲ್ಲಿ ಕೊಡಬಹುದು.

ಅತಿಯಾಗಿ ತಿದ್ದಿದ್ದರೆ ಇದೇ ಭಾಗ ಹೀಗಾಗುತ್ತಿತ್ತು: "ಆಟಿ ಅಮಾವಾಸ್ಯೆಯಂದು ಕರಾವಳಿಯ ಹಿರಿಯರು ಮುಂಜಾನೆ ಬೇಗನೆ ಎದ್ದು ಹಾಲೆ ಮರದ ತೊಗಟೆಯನ್ನು ಸಂಗ್ರಹಿಸುವ ಸಂಪ್ರದಾಯವಿದೆ." ಇದರಲ್ಲಿ ಒಂದು ತಪ್ಪೂ ಇಲ್ಲ, ಆದರೆ ಚೂಪು ಕಲ್ಲು ಹೋಯಿತು, ಕೋಳಿ ಕೂಗುವ ಹೊತ್ತು ಹೋಯಿತು, ಮೂಗು ಮುಚ್ಚಿಕೊಂಡ ಮಾವನೂ ಹೋದರು. "ಕೆತ್ತೆ" ಎಂಬ ನಮ್ಮ ಮಾತಿನ ಜಾಗದಲ್ಲಿ "ತೊಗಟೆ" ಕೂತಿತು. ಎಲ್ಲರಿಗೂ ತಿಳಿಯಲೆಂದು ತುಳು ಪದಗಳನ್ನು ತೆಗೆಯುವುದು ಪರಿಷ್ಕರಣೆಯಲ್ಲಿ ಹೆಚ್ಚಾಗಿ ಆಗುವ ನಷ್ಟ. ಮೊದಲ ಸಲ ಬಂದಾಗ "ಪಾಲೆ ಮರದ ಕೆತ್ತೆ" ಎಂದು ಬರೆದರೆ ಸಂದರ್ಭವೇ ಅರ್ಥವನ್ನು ತಿಳಿಸುತ್ತದೆ. ತಿದ್ದುಪಡಿ ಹದ ಮೀರಿದೆಯೇ ಎಂದು ತಿಳಿಯಲು ಹಳತು ಹೊಸತು ಎರಡನ್ನೂ ಅಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಬೇಕು. ಮುಟ್ಟಿದ ವಾಕ್ಯಗಳು ಮುಟ್ಟದವುಗಳ ನಡುವೆ ಬೇರೆಯಾಗಿ ಕೇಳಿಸಿದರೆ ಆ ವಾಕ್ಯಗಳನ್ನು ಮತ್ತೆ ಬರೆಯಬೇಕು.

ಒಪ್ಪಿಗೆ ಮತ್ತು ಟಿಪ್ಪಣಿ

ಬರಹ ಬೇರೆಯವರದಾದರೆ ಲೇಖಕರ ಒಪ್ಪಿಗೆ ಬೇಕು, ಅವರಿಲ್ಲದಿದ್ದರೆ ಹಕ್ಕುಳ್ಳ ಮನೆಯವರದು. ಭಾರತದಲ್ಲಿ ಬರಹದ ಹಕ್ಕು ಲೇಖಕರು ತೀರಿದ ನಂತರವೂ 60 ವರ್ಷ ಉಳಿಯುತ್ತದೆ. ತಿದ್ದಿದ ಪ್ರತಿಯನ್ನು ಅವರಿಗೆ ತೋರಿಸಿ, ಲೇಖನದ ಜೊತೆ "ಮೊದಲ ಪ್ರಕಟಣೆ 2011, ದಿನಾಂಕ ಮತ್ತು ಮರ ಗುರುತಿಸುವ ವಿವರಗಳನ್ನು ಪರಿಷ್ಕರಿಸಲಾಗಿದೆ" ಎಂಬಂಥ ಸಾಲನ್ನು ಹಾಕಬೇಕು. ಮೂಲ ಪ್ರತಿಯನ್ನು ಅಳಿಸದೆ ಬೇರೆ ಕಡೆ ಇಟ್ಟುಕೊಳ್ಳಬೇಕು.

ಪರಿಷ್ಕರಣೆಗೆ ಒಗ್ಗದ ಬರಹಗಳು

ಕಂಬಳದ ಕುರಿತು 2014ರ ಕೊನೆಯಲ್ಲಿ ಬರೆದ ಲೇಖನವನ್ನು ತೆಗೆದುಕೊಳ್ಳಿ. ಆ ವರ್ಷದ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಡೆಯುತ್ತದೋ ಇಲ್ಲವೋ ಎಂಬ ಆತಂಕವೇ ಅಂಥ ಬರಹದ ಜೀವಾಳ. ಮುಂದೆ 2017ರಲ್ಲಿ ರಾಜ್ಯ ವಿಧಾನಮಂಡಲ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈಗ ಆ ಲೇಖನದಿಂದ ಕಾಲದ ಗುರುತುಗಳನ್ನು ತೆಗೆದರೆ ಆತಂಕವೂ ಹೋಗುತ್ತದೆ, ಉಳಿಯುವುದು ಏನೂ ಇಲ್ಲ. ಕೊನೆಗೆ ಎರಡು ಸಾಲು ಸೇರಿಸಿ "ಈಗ ಅನುಮತಿ ಇದೆ" ಎಂದರೆ ಮೊದಲಿನ ಅಷ್ಟೂ ವಾಕ್ಯಗಳು ಅದಕ್ಕೆ ವಿರುದ್ಧವಾಗಿ ನಿಲ್ಲುತ್ತವೆ. ಇಂಥ ಬರಹವನ್ನು ಒಂದಕ್ಷರವನ್ನೂ ತಿದ್ದದೆ, ಬರೆದ ದಿನಾಂಕವನ್ನು ಶೀರ್ಷಿಕೆಯ ಕೆಳಗೇ ಎದ್ದು ಕಾಣುವಂತೆ ಹಾಕಿ, ಆಗಿನ ದಾಖಲೆಯಾಗಿ ಪ್ರಕಟಿಸಬಹುದು. ಕಂಬಳದ ಇಂದಿನ ಸ್ಥಿತಿಯನ್ನು ತಿಳಿಸುವುದೇ ಉದ್ದೇಶವಾದರೆ ಹೊಸ ಲೇಖನವನ್ನೇ ಬರೆಯಬೇಕು.